ಪದಚರ್ಚೆ: ಸಬ್‌ನೆಟ್ ಪ್ರಶ್ನೆಯಲ್ಲಿ ‘ವಿಳಾಸ ವ್ಯಾಪ್ತಿ’ ಎಲ್ಲಿಂದ ಎಲ್ಲಿಯವರೆಗೆ?

ಪಾಲಿಟೆಕ್ನಿಕ್ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ನೆಟ್‌ವರ್ಕ್ಸ್ ಇಂಟರ್ನಲ್ಸ್‌ಗೆ ಕನ್ನಡದಲ್ಲೂ ಪ್ರಶ್ನೆ ಬರೆದುಕೊಟ್ಟಿದ್ದೆ. ಈಗ ಪೇಪರ್ ತಿದ್ದಲು ಕೂತರೆ ಒಂದು ಪದ ಕಾಡುತ್ತಿದೆ. ಪ್ರಶ್ನೆ ಹೀಗಿತ್ತು: “172.16.45.200/20 ಎಂಬ ವಿಳಾಸದ ಕಂಪ್ಯೂಟರ್ ಯಾವ ಸಬ್‌ನೆಟ್‌ಗೆ ಸೇರಿದೆ? ಆ ಸಬ್‌ನೆಟ್‌ನ ವಿಳಾಸ ವ್ಯಾಪ್ತಿ ಬರೆಯಿರಿ.” ನಾಲ್ಕು ಅಂಕ.

ಸಬ್‌ನೆಟ್ 172.16.32.0 ಎಂದು ಬಹಳ ಮಕ್ಕಳು ಸರಿಯಾಗಿಯೇ ಬರೆದಿದ್ದಾರೆ. ವ್ಯಾಪ್ತಿಗೆ ಬಂದಾಗ ಮೂರು ಗುಂಪಾಗಿದ್ದಾರೆ. ಕೆಲವರದು 172.16.32.0 ರಿಂದ 172.16.47.255. ಇನ್ನು ಕೆಲವರದು 172.16.32.1 ರಿಂದ 172.16.47.254. ಮೂರನೆಯವರದು 172.16.32.1 ರಿಂದ 172.16.32.254. ನಮ್ಮ ಸ್ಕೀಮ್‌ನಲ್ಲಿ ಎರಡನೆಯದು ಮಾತ್ರ ಇದೆ, ಜೊತೆಯ ಉಪನ್ಯಾಸಕರು ಅದಕ್ಕಷ್ಟೇ ಅಂಕ ಎನ್ನುತ್ತಿದ್ದಾರೆ. ‘ವ್ಯಾಪ್ತಿ’ ಎಂದಾಗ ಮೊದಲ ಗುಂಪಿನ ಮಕ್ಕಳು ಓದಿಕೊಂಡಿದ್ದು ತಪ್ಪೇ?

ನಿವೃತ್ತ ಕನ್ನಡ ಅಧ್ಯಾಪಕರು, ಸಾಗರ

ಮೇಡಂ, ‘ವ್ಯಾಪ್ತಿ’ಗಿಂತ ‘ಹರವು’ ಚೆನ್ನ. ಕೆರೆಯ ಹರವು ಎನ್ನುವುದಿಲ್ಲವೇ? ಆದರೆ ನನಗೊಂದು ಅನುಮಾನ. ವಿಳಾಸ ಎಂದರೆ ಮನೆ ಬಾಗಿಲ ಸಂಖ್ಯೆ ತಾನೇ, ಒಂದು ಕಂಪ್ಯೂಟರಿಗೆ ಒಂದೇ. ಅದಕ್ಕೆ ವ್ಯಾಪ್ತಿ ಎಲ್ಲಿಂದ ಬಂತು? ಪ್ರಶ್ನೆಯಲ್ಲೇ ದೋಷ ಇದ್ದಂತಿದೆ.

ಹಾಸನ

ಸರ್, ನಾನು ಕೇಳಿದ್ದು ಆ ಒಂದು ಕಂಪ್ಯೂಟರಿನ ವಿಳಾಸದ್ದಲ್ಲ, ಅದು ಸೇರಿದ ಇಡೀ ಗುಂಪಿನದು. ‘ಹರವು’ ನನಗೂ ಇಷ್ಟವಾಯಿತು. ಆದರೆ ಹರವಿನೊಳಗೆ ಏರಿ ಸೇರುತ್ತದೋ ಇಲ್ಲವೋ ಎಂಬುದೇ ನನ್ನ ತಕರಾರು.

ಹಾರ್ಡ್‌ವೇರ್ ಅಂಗಡಿಯವರು, ಹುಬ್ಬಳ್ಳಿ

ಇದರಾಗ ಚರ್ಚಾ ಮಾಡೂದು ಏನೈತ್ರಿ ಮೇಡಂ. ಮೊದಲಿಂದು ನೆಟ್‌ವರ್ಕಿಗೆ, ಕಡೀದು ಬ್ರಾಡ್‌ಕಾಸ್ಟಿಗೆ. ಯಾವ ಮಷೀನಿಗೂ ಕೊಡಾಕ ಬರೂದಿಲ್ಲ. ಎರಡು ಕಳದು ಬರದವನಿಗೆ ಅಂಕ ಕೊಡ್ರಿ. ಸೊನ್ನಿಲೆ ಮುಗಿಯೋದು, 255ಲೆ ಮುಗಿಯೋದು ಯಾವತ್ತೂ ಹಾಕಬಾರದು. ನಾವಂತೂ ಹಾಕಂಗಿಲ್ಲ.

ನೆಟ್‌ವರ್ಕ್ ಎಂಜಿನಿಯರ್, ಬೆಂಗಳೂರು

ಹುಬ್ಬಳ್ಳಿಯವರ ಮಾತಿನಲ್ಲಿ ಮೊದಲರ್ಧ ಸರಿ. ಎರಡನೇ ಅರ್ಧವೇ ಮಕ್ಕಳನ್ನು ದಾರಿ ತಪ್ಪಿಸುವುದು. ಅಂಗಡಿಯಲ್ಲಿ ಸಿಗುವುದು ಬಹುತೇಕ /24. ಅಲ್ಲಿ ಕೊನೆಯ ಅಂಕಿ 0 ಮತ್ತು 255 ಆಗಿರುವುದು ತುದಿಗಳಲ್ಲಿ ಮಾತ್ರ, ಹಾಗಾಗಿ ಆ ನಿಯಮ ನಡೆಯುತ್ತದೆ. ಮೇಡಂ ಕೊಟ್ಟ /20ರಲ್ಲಿ ಮೂರನೇ ಅಂಕಿಯ ಮಾಸ್ಕ್ 240, ಅಂದರೆ ಸಬ್‌ನೆಟ್‌ಗಳು ಹದಿನಾರರ ಹೆಜ್ಜೆಯಲ್ಲಿ ಸಾಗುತ್ತವೆ: 0, 16, 32, 48. ನಮ್ಮ 45 ಇರುವುದು 32 ಮತ್ತು 48ರ ನಡುವೆ. ಮುಂದಿನ ಸಬ್‌ನೆಟ್ 172.16.48.0ಕ್ಕೆ ಶುರುವಾಗುವುದರಿಂದ ಇದರ ಕೊನೆ 172.16.47.255. ಈ ನಡುವೆ 172.16.32.255 ಇದೆ, 172.16.33.0 ಇದೆ. ಎರಡೂ ಮಾಮೂಲಿ ಹೋಸ್ಟ್ ವಿಳಾಸಗಳೇ, ಮಷೀನಿಗೆ ಧಾರಾಳವಾಗಿ ಕೊಡಬಹುದು.

ಮೂರನೇ ಗುಂಪಿನವರು ಎಡವಿದ್ದು ಇಲ್ಲಿಯೇ. ಸಬ್‌ನೆಟ್ ಸರಿಯಾಗಿ ಹಿಡಿದು, ಆಮೇಲೆ ಅಭ್ಯಾಸಬಲದಿಂದ ಕೊನೆಯ ಅಂಕಿಯನ್ನು ಮಾತ್ರ ಓಡಿಸಿದ್ದಾರೆ. ಇದನ್ನು ಹಿಡಿಯಲು ಲೆಕ್ಕವೇ ಬೇಡ. ಪ್ರಶ್ನೆಯಲ್ಲಿ ಕೊಟ್ಟ 172.16.45.200 ಅವರು ಬರೆದ ವ್ಯಾಪ್ತಿಯ ಒಳಗೇ ಇಲ್ಲ! ಸಬ್‌ನೆಟ್ಟಿನ ಅಂಕ ಕೊಡಿ, ವ್ಯಾಪ್ತಿಯದು ಬೇಡ. ಯಾರಾದರೂ 172.16.45.0 ರಿಂದ 172.16.45.255 ಎಂದು ಬರೆದಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅಲ್ಲಿ ಎಣಿಕೆ ನೋಡಬೇಕು. /20ರಲ್ಲಿ 4096 ವಿಳಾಸ ಇರಬೇಕು, ಅವರಲ್ಲಿ ಬರೀ 256.

ಇನ್ನು ನಿಮ್ಮ ಪದ. ‘ಸಬ್‌ನೆಟ್‌ನ ವಿಳಾಸ ವ್ಯಾಪ್ತಿ’ ಎಂದರೆ ನನಗೆ ಕೇಳಿಸುವುದು ಪೂರ್ತಿ ಬ್ಲಾಕ್, ಎರಡೂ ತುದಿ ಸೇರಿ. ಬ್ರಾಡ್‌ಕಾಸ್ಟ್ ವಿಳಾಸವೂ ಆ ಸಬ್‌ನೆಟ್ಟಿನದೇ, ಬೇರೆ ಯಾರದೂ ಅಲ್ಲ. ಎರಡು ಕಳೆದದ್ದು ಬೇಕಿದ್ದರೆ ‘ಹೋಸ್ಟ್‌ಗಳಿಗೆ ಕೊಡಬಹುದಾದ ವಿಳಾಸಗಳು’ ಎಂದು ಕೇಳಬೇಕಿತ್ತು. ಸ್ಕೀಮ್ ಏನೇ ಹೇಳಲಿ, ಮೊದಲ ಗುಂಪಿಗೆ ಸೊನ್ನೆ ಹಾಕುವುದು ಅನ್ಯಾಯ.

ಹುಬ್ಬಳ್ಳಿ

172.16.33.0 ಹಾಕಿ ನೋಡಿದ್ಯಾ, ಪಿಂಗ್ ಆತು. ಆದ್ರೂ ಗಿರಾಕಿ ಮಷೀನಿಗೆ ನಾ ಹಾಕಂಗಿಲ್ಲ ಬಿಡ್ರಿ. ನಾಳೆ ಇನ್ನೊಬ್ಬಾವ ಬಂದು ತಪ್ಪಾಗೇತಿ ಅಂತಾನ. ಆದ್ರ ಎರಡು ಕಳೆಯೋದಂತೂ ಎಲ್ಲಾ ಕಡೆ ಕಳೀಬೇಕಲ್ರಿ?

ಬೆಂಗಳೂರು

ಹಾಕದಿರುವುದು ನಿಮ್ಮ ಜಾಣತನ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ಕಳೆಯುವುದಕ್ಕೂ ವಿನಾಯಿತಿ ಇದೆ. ಎರಡು ರೂಟರ್‌ಗಳ ನಡುವಿನ ನೇರ ಲಿಂಕಿಗೆ /31 ಕೊಟ್ಟರೆ ಇರುವ ಎರಡೂ ವಿಳಾಸ ಬಳಕೆಗೆ ಬರುತ್ತವೆ. 2000ದಲ್ಲಿ ಬಂದ ಆರ್‌ಎಫ್‌ಸಿ 3021 ಇದನ್ನು ಒಪ್ಪಿದೆ.

ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ

ಸರ್, ನಂದೂ ಒಂದು ನೋಡ್ರಿ. 192.168.10.0/24ನ್ನು ಮೂರು ವಿಭಾಗಕ್ಕೆ ಹಂಚಬೇಕಿತ್ತು, ಕ್ರಮವಾಗಿ 28, 60, 12 ಹೋಸ್ಟ್. ನಾನು ಅದೇ ಕ್ರಮದಲ್ಲಿ 0 ರಿಂದ 31 (/27), 32 ರಿಂದ 95 (/26), 96 ರಿಂದ 111 (/28) ಅಂತ ಬರೆದೆ. ಎಣಿಕೆ ಸರಿ ಇದೆ, ಒಂದರ ಮೇಲೊಂದು ಬಿದ್ದಿಲ್ಲ. ಆದರೂ ಎರಡನೆಯದಕ್ಕೆ ಅಂಕ ಕಟ್. ವ್ಯಾಪ್ತಿ ಅಂದರೆ ಎಲ್ಲಿಂದಾದರೂ ಶುರು ಮಾಡಬಹುದಲ್ಲ?

ಬೆಂಗಳೂರು

ಆಗುವುದಿಲ್ಲ ಕಣಪ್ಪ. /26 ಎಂದರೆ 64ರ ಬ್ಲಾಕ್, ಅದು 0, 64, 128, 192ರಲ್ಲಿ ಮಾತ್ರ ಶುರುವಾದೀತು. ಕಾಗದದ ಮೇಲೆ ನಿನ್ನ ಮೂರೂ ಬೇರೆ ಬೇರೆ ಕಾಣುತ್ತವೆ. ಆದರೆ .40ರ ಮಷೀನಿಗೆ /26 ಕೊಟ್ಟರೆ ಅದು ತನ್ನ ಸಬ್‌ನೆಟ್ 0 ರಿಂದ 63 ಎಂದುಕೊಳ್ಳುತ್ತದೆ. ಮೊದಲ ವಿಭಾಗದ .10 ತನ್ನ ಪಕ್ಕದಲ್ಲೇ ಇದೆ ಎಂದು ನಂಬಿ ಅದನ್ನು ನೇರವಾಗಿ ಹುಡುಕುತ್ತದೆ. ತನ್ನದೇ ವಿಭಾಗದ .70 ಮಾತ್ರ ಹೊರಗಿನವನಾಗುತ್ತದೆ, ಅದಕ್ಕೆ ಗೇಟ್‌ವೇ ಮೂಲಕ ಕಳಿಸಲು ನೋಡುತ್ತದೆ. ಪೈಥಾನ್ ಇದ್ದರೆ ಇಷ್ಟು ಓಡಿಸು:

```
import ipaddress
ipaddress.ip_network('192.168.10.32/26')
```

`192.168.10.32/26 has host bits set` ಎಂದು ತಿರಸ್ಕರಿಸುತ್ತದೆ.

ದೊಡ್ಡದನ್ನು ಮೊದಲು ಇಟ್ಟರೆ ಈ ತೊಂದರೆ ಬರುವುದಿಲ್ಲ: 60ಕ್ಕೆ 0–63, 28ಕ್ಕೆ 64–95, 12ಕ್ಕೆ 96–111. ಮೇಡಂ, ಇದನ್ನು ಸ್ಕೀಮ್‌ನಲ್ಲಿ ಬರೆಯುವಾಗ ನೀವೂ ಗಮನಿಸಿ. ದೊಡ್ಡದು ಮೊದಲು ಎಂಬುದು ಅನುಕೂಲಕ್ಕೆ, ಕಟ್ಟಳೆಯಲ್ಲ. 28ಕ್ಕೆ 0–31, 60ಕ್ಕೆ 64–127, 12ಕ್ಕೆ 32–47 ಎಂದು ಬರೆದ ಹುಡುಗನಿಗೂ ಪೂರ್ತಿ ಅಂಕ ಸಲ್ಲಬೇಕು. ಸ್ಕೀಮ್‌ಗೆ ಹೊಂದಲಿಲ್ಲ ಎಂದು ಗೆರೆ ಎಳೆಯುವವರು ಬಹಳ ಜನ ಇದ್ದಾರೆ.

ಸಾಗರ

ಈಗ ತಿಳಿಯಿತು. ಹಾಗಾದರೆ ಪೂರ್ತಿಯದಕ್ಕೆ ‘ವಿಳಾಸ ಹರವು’, ಹಂಚುವುದಕ್ಕೆ ‘ಬಳಕೆಯ ಹರವು’ ಎಂದಿಡಬಹುದಲ್ಲ?

ಹಾಸನ

ಎರಡು ಹೆಸರು ಬೇರೆಯಾಗಿರಬೇಕು ಎಂಬುದನ್ನು ಒಪ್ಪಿದೆ ಸರ್. ಮುಂದಿನ ಸಲ ‘ಮೊದಲ ವಿಳಾಸ, ಕೊನೆಯ ವಿಳಾಸ, ಹೋಸ್ಟ್‌ಗೆ ಕೊಡಬಹುದಾದ ಮೊದಲನೆಯದು ಮತ್ತು ಕೊನೆಯದು’ ಎಂದು ನಾಲ್ಕು ಬಿಡಿ ಅಂಕವಾಗಿಯೇ ಕೇಳುತ್ತೇನೆ. ಈ ಸಲ ಮೊದಲೆರಡು ಗುಂಪಿಗೂ ಪೂರ್ತಿ ಅಂಕ ಕೊಟ್ಟೆ. ಜೊತೆಯವರು ಇನ್ನೂ ಒಪ್ಪಿಲ್ಲ, ಎಚ್‌ಒಡಿ ಹತ್ತಿರ ಹೋಗುತ್ತದೆ.

ಕೊಪ್ಪಳದ ಲೆಕ್ಕ ಓದಿ ಇನ್ನೊಂದು ಹೊಳೆಯಿತು. ‘62 ಹೋಸ್ಟ್’ ಎಂದು ಕೇಳಿದರೆ /26 ಸಾಕು. ‘62 ಕಂಪ್ಯೂಟರ್’ ಎಂದರೆ ಗೇಟ್‌ವೇಗೆ ಒಂದು ಸೇರಿ 63 ಆಗುತ್ತದೆ, ಆಗ /25 ಬೇಕು. ನಾವು ಪ್ರಶ್ನೆಯಲ್ಲಿ ಎರಡೂ ಪದವನ್ನು ಒಂದೇ ಎಂಬಂತೆ ಬಳಸುತ್ತಿದ್ದೇವೆ.

ಬೆಂಗಳೂರು

ಕೆಲಸದಲ್ಲಿ ನಾನು ಗೇಟ್‌ವೇ ಸೇರಿಸಿಯೇ ಎಣಿಸುತ್ತೇನೆ. ಪರೀಕ್ಷೆಯಲ್ಲಿ ಹುಡುಗರು ಸೇರಿಸಬೇಕೆಂದು ನಿರೀಕ್ಷಿಸಬಹುದೋ ಇಲ್ಲವೋ, ಪಾಠ ಮಾಡುವವರೇ ಹೇಳಬೇಕು.

ಕೊಪ್ಪಳ

ನಮ್ಮ ಸರ್ ಸೇರಿಸಬೇಡಿ ಅಂತಾರೆ. ಲ್ಯಾಬ್ ಸರ್ ಸೇರಿಸಿ ಅಂತಾರೆ.