ಲೋಟದ ಟ್ರಿಕ್‌ದಾಗ ಕಟ್ ಹಾಕಿದ್ರ 'ಎಡಿಟಿಂಗ್' ಅಂತಾರ, ಸ್ಕ್ರಿಪ್ಟ್ ಹೆಂಗ ಬರೀಬೇಕು?

ಕೈಚಳಕ_ಕಲಬುರಗಿ
ನಮಸ್ಕಾರ್ರಿ ಎಲ್ಲರಿಗೂ. ತಲಿ ಕೆಟ್ಟು ಹೋಗೇದ, ಅದಕ್ಕ ಬರೀಲತ್ತೀನಿ. ನಾ ಹುಡುಗರಿಗಿ ಜಾದೂ ಕಲಿಸೋ ವಿಡಿಯೋ ಮಾಡ್ತೀನಿ, ಮೊದಲ ಟ್ರಿಕ್ ತೋರ್ಸೋದು ಆಮ್ಯಾಲ ಹೆಂಗ ಮಾಡೋದಂತ ಬಿಡಿಸಿ ಹೇಳೋದು. ಈ ಸಲದ್ದು ಹತ್ತು ರೂಪಾಯಿ ನಾಣ್ಯ ಕೈಯಾಗಿಂದ ಮಾಯ ಆಗಿ ಬೋರಲ ಹಾಕಿದ ಸ್ಟೀಲ್ ಲೋಟದ ಕೆಳಗ ಸಿಗೋದು. ಲೋಟ ಖಾಲಿ ಅದ ಅಂತ ತೋರಿಸ್ತೀನಿ, ಒಂದು ಕಟ್, ಲೋಟ ಬೋರಲ, ನಾಣ್ಯ ಮಾಯ, ಲೋಟ ಎತ್ತಿದ್ರ ನಾಣ್ಯ. ಕಮೆಂಟ್‌ದಾಗ ನೋಡಿದ್ರ ಬರೇ "ಕಟ್ ಹೊಡದಾನ", "ಎಡಿಟಿಂಗ್ ಜಾದೂ" ಇವೇ. ಗುಟ್ಟು ಕಡೀಗೆ ನಾನೇ ಹೇಳ್ತೀನಲ್ರಿ, ಹಂಗಿದ್ರೂ ಮೋಸ ಅಂದ್ರ ಹೆಂಗ? ಮೊದಲ್ನೇ ಭಾಗದಾಗ ಗುಟ್ಟು ಮುಚ್ಚಲೇಬೇಕು, ಅದಕ್ಕ ಕಟ್ ಬೇಕೇ ಬೇಕು, ಆದ್ರ ನೋಡೋರಿಗಿ ಮೋಸ ಅನಸಬಾರದು. ಈಗ ಕಟ್ 14ನೇ ಸೆಕೆಂಡಿಗೆ ಅದ. ಸ್ಕ್ರಿಪ್ಟ್‌ದಾಗ ಎಲ್ಲಿಗಿ ಸರಸಬೇಕು ಹೇಳ್ರಿ. ಫೋನ್‌ದಾಗೇ ಶೂಟ್, ಫೋನ್‌ದಾಗೇ ಎಡಿಟ್.

ಬೀದರ್_ಲೈಟ್‌ಬಾಕ್ಸ್
ವಿಡಿಯೋ ನೋಡಿದೆ. 14ನೇ ಸೆಕೆಂಡಿಗೆ ಟಾವೆಲ್ ಬಣ್ಣ ಒಮ್ಮಿಗೇ ಬದಲಾಗ್ತದ, ಇದೇ ನಿಂದು ಪ್ರಾಬ್ಲಮ್, ಬ್ಯಾರೆ ಏನೂ ಇಲ್ಲ. ಆಟೋ ಎಕ್ಸ್‌ಪೋಶರ್. ಹೊಳಿಯೋ ಸ್ಟೀಲ್ ಲೋಟ ಫ್ರೇಮ್‌ದಾಗ ತಿರುಗಿದ್ರ ಫೋನ್ ಬೆಳಕು ಇಳಿಸಿಬಿಡ್ತದ, ಲೋಟ ಸರಿದ್ರ ಮತ್ತ ಏರಿಸ್ತದ. ಸ್ಕ್ರೀನ್ ಮ್ಯಾಲ ಬೆರಳು ಒತ್ತಿ ಹಿಡದು ಲಾಕ್ ಮಾಡು, ವೈಟ್ ಬ್ಯಾಲೆನ್ಸ್‌ಗೂ ಲಾಕ್ ಹಾಕು. ನಮ್ ಕಡಿ ಕರೆಂಟ್ 50 ಹರ್ಟ್ಜ್ ಇರ್ತದ, ಅದಕ್ಕ 25 ಫ್ರೇಮ್, ಶಟರ್ 1/50 ಇಟ್ಟರ ಟ್ಯೂಬ್‌ಲೈಟ್ ಮಿಣುಕೋದೂ ನಿಲ್ತದ. ಆಮ್ಯಾಲ ಕಟ್ ಯಾರಿಗಿ ಕಾಣ್ತದ? ನಾ ಎರಡು ಸಾಫ್ಟ್‌ಬಾಕ್ಸ್ ಹಾಕೀನಿ, ಹಿಂದಿಂದ ಒಂದು ಎಲ್‌ಇಡಿ ಟ್ಯೂಬ್, ಕ್ಯಾಮೆರಾಕ್ಕ ಏಳು ಇಂಚಿನ ಮಾನಿಟರ್ ಹಚ್ಚೀನಿ, ಬೇಕಂದ್ರ ಫೋಟೋ ಹಾಕ್ತೀನಿ.

ಮದಿವಿ_ಎಡಿಟರ್_ಯಾದಗಿರಿ
ಅಣ್ಣಾ ಇಷ್ಟಕ್ಕ ಯಾಕ ಕಷ್ಟ ಪಡ್ತಿ, ನಾಣ್ಯ ಮಾಯ ಮಾಡೋದು ಮಾಸ್ಕ್ ಹಾಕಿದ್ರ ಮುಗೀತು. ಖಾಲಿ ಟೇಬಲ್ ಒಂದು ಶಾಟ್ ತಗೋ, ಅದರ ಮ್ಯಾಲ ನಾಣ್ಯ ಇರೋ ಶಾಟ್ ಇಡು, ನಾಣ್ಯದ ಸುತ್ತ ಮಾಸ್ಕ್ ಎಳದು ಮೆಲ್ಲಕ ಕರಗಿಸು. ಮದಿವಿ ವಿಡಿಯೋದಾಗ ಮಂಟಪದ ಹಿಂದ ನಿಂತೋರಿಗಿ ಹಂಗೇ ತಗೀತೀನಿ.

ಕೈಚಳಕ_ಕಲಬುರಗಿ
ಇಲ್ಲಪಾ, ಎಫೆಕ್ಟ್ ಬ್ಯಾಡ. ಇದು ಕಲಿಸೋ ವಿಡಿಯೋ. ಹುಡುಗರು ಮನ್ಯಾಗ ಇದನ್ನೇ ಮಾಡಬೇಕು, ಅವರ ಅಜ್ಜಿ ಮುಂದ ಮಾಸ್ಕ್ ಹೆಂಗ ಹಾಕ್ತಾರ?

ಆಳಂದ_ಅಕ್ಕ
ತಮ್ಮಾ, ಎರಡು ಮಾತು ಹೇಳು ಮೊದಲ. ಫೋನ್ ಎಲ್ಲಿ ಇಟ್ಟಿದ್ದಿ? ಆ ಕಟ್ ನಡುವ ನೀ ಏನು ಮಾಡ್ತಿ?

ಕೈಚಳಕ_ಕಲಬುರಗಿ
ಅಕ್ಕಾ, ಮ್ಯಾಲಿಂದ, ಅಡಗಿ ವಿಡಿಯೋದವ್ರು ಇಡ್ತಾರಲ್ಲ ಹಂಗ ಸ್ಟ್ಯಾಂಡಿಗೆ ಸಿಗಸಿ ಸೀದಾ ಟೇಬಲ್ ಮ್ಯಾಲ. ಕಟ್ ನಡುವ ಎರಡ್ನೇ ನಾಣ್ಯ ಲೋಟದ ಕೆಳಗ ಇಡ್ತೀನಿ. ಆಮ್ಯಾಲ ಕೈಯಾಗಿನ ನಾಣ್ಯಕ್ಕ ಫ್ರೆಂಚ್ ಡ್ರಾಪ್, ಅಂದ್ರ ಬಲಗೈಲೆ ತಗೊಂಡಂಗ ಮಾಡಿ ಎಡಗೈಯಾಗೇ ಉಳಸೋದು.

ಬೀದರ್_ಲೈಟ್‌ಬಾಕ್ಸ್
ಮ್ಯಾಲಿಂದ ಇಟ್ಟರೂ ಲಾಕ್ ಮಾಡಿದ್ರ ಆಯ್ತು. ಎಕ್ಸ್‌ಪೋಶರ್ ಕುಣೀಲಿಲ್ಲಂದ್ರ ಕಟ್ ಗೊತ್ತೇ ಆಗಂಗಿಲ್ಲ.

ಮದಿವಿ_ಎಡಿಟರ್_ಯಾದಗಿರಿ
ಪಾಜ್ ಮಾಡಿ ನೋಡಿದೆ, ನಿನ್ನ ಎರಡು ನಾಣ್ಯ ಬ್ಯಾರೆ ಬ್ಯಾರೆ ಅವ. ಮೊದಲ್ನೇದ್ರಾಗ ರೂಪಾಯಿ ಚಿಹ್ನೆ ಇಲ್ಲ, ಲೋಟದ ಕೆಳಗಿನದ್ರಾಗ ಅದ. ಹತ್ರ ನಾಣ್ಯದಾಗ 14 ಡಿಸೈನ್ ಅವ ಅಂತ ರಿಸರ್ವ್ ಬ್ಯಾಂಕೇ 2018ರಾಗ ಹೇಳೇದ. ಎದುರು ಕುಂತೋರಿಗಿ ಕಾಣಲ್ಲ, ವಿಡಿಯೋ ನಿಲ್ಲಿಸಿ ನೋಡೋರಿಗಿ ಕಾಣ್ತದ.

ಸೇಡಂ_ಇಸ್ಪೀಟ್
ಹತ್ರ ನಾಣ್ಯ ಯಾಕ ಬಳಸ್ತೀರಿ, ನಮ್ ಕಡಿ ಕಿರಾಣಿ ಅಂಗಡ್ಯಾಗ ಯಾರೂ ತಗೊಳ್ಳಂಗಿಲ್ಲ. ಐದರದ್ದು ತಗೋರಿ.

ಮದಿವಿ_ಎಡಿಟರ್_ಯಾದಗಿರಿ
ತಗೊಳ್ಳಲ್ಲ ಅನ್ನೋದೇ ತಪ್ಪು. ಎಲ್ಲಾ ಡಿಸೈನೂ ನಡೀತಾವ ಅಂತ ಬ್ಯಾಂಕೇ ಹೇಳೇದ, ಬ್ಯಾಡ ಅನ್ನೋರಿಗಿ ಅದನ್ನ ತೋರಸ್ರಿ. ನಾ ಬಸ್‌ದಾಗ ಕೊಟ್ಟೇ ಕೊಡ್ತೀನಿ.

ಸೇಡಂ_ಇಸ್ಪೀಟ್
ನೀವು ಕೊಡ್ತೀರಿ, ಕಂಡಕ್ಟರ್ ಜೋಡಿ ಜಗಳ ಆಡ್ಕೋತ ಹಳ್ಳಿ ತನಕ ಹೋಗೋರು ನಾವು.

ಆಳಂದ_ಅಕ್ಕ
ನಾಣ್ಯದ ಜಗಳ ಬ್ಯಾರೆ ಕಡಿ ಮಾಡ್ರಿ. ತಮ್ಮಾ, ಎರಡೂ ಒಂದೇ ಡಿಸೈನಿನವು ಹುಡಿಕ್ಕೊ, ಆ ಮಾತು ಖರೇ ಅದ.

ಈಗ ಕಟ್ ಬಗ್ಗೆ. ಬೀದರ್ ಅಣ್ಣ ಹೇಳಿದ ಲಾಕ್ ಮಾಡು, ಒಳ್ಳೇದೇ. ಆದ್ರ ಲಾಕ್ ಮಾಡಿದ್ರ ಮೋಸ ಕಾಣಂಗಿಲ್ಲ ಅಷ್ಟೇ, ಮೋಸ ಹಂಗೇ ಉಳೀತದ. ಖಾಲಿ ಲೋಟ ತೋರಸಿ, ಕ್ಯಾಮೆರಾ ನಿಲ್ಲಸಿ, ಒಳಗ ನಾಣ್ಯ ಇಟ್ಟು, ಮತ್ತ ಚಾಲೂ ಮಾಡ್ತಿ. ಫ್ರಾನ್ಸಿನ ಮೆಲಿಯೆಸ್ 1896ರಾಗೇ ಕ್ಯಾಮೆರಾ ನಿಲ್ಲಸಿ ಕುರ್ಚಿ ಮ್ಯಾಲಿನ ಹೆಣ್ಮಗಳನ್ನ ಮಾಯ ಮಾಡಿದ. ಅದು ಸಿನಿಮಾ, ಅದರಾಗ ತಪ್ಪಿಲ್ಲ, ಅಂವ ಇದನ್ನ ಮನ್ಯಾಗ ಮಾಡ್ರಿ ಅಂತ ಯಾರಿಗೂ ಕಲಸಲಿಲ್ಲ. ನೀ ಕಲಸ್ಲತ್ತಿ. ಎದುರಿಗಿ ಕುಂತವ ಏನು ನೋಡ್ತಿದ್ದ ಅದನ್ನ ಕಟ್ ತಿಂದ್ರ ಅದು ಮೋಸ. ನೀ ಕುಂಡ್ರೋಕಿಂತ ಮೊದಲ ನಡದಿದ್ದು ಕಟ್‌ದಾಗ ಹೋದ್ರ ಮೋಸ ಅಲ್ಲ, ಅದನ್ನ ಹೆಂಗೂ ಅಂವ ನೋಡ್ತಿರಲಿಲ್ಲ.

ನಿನಗ ಆ ಕಟ್ ಯಾಕ ಬೇಕಾಯ್ತು ಅಂತ ವಿಚಾರ ಮಾಡು. ಫೋನ್ ಮ್ಯಾಲ ಅದ, ಅದಕ್ಕ. ಫ್ರೆಂಚ್ ಡ್ರಾಪ್‌ದಾಗ ನಾಣ್ಯ ಎಡಗೈ ಅಂಗೈಯಾಗ ಬೀಳ್ತದ, ಅಂಗೈ ಮ್ಯಾಲ ಮುಖ ಮಾಡಿರ್ತದ. ಮುಂದ ಕುಂತೋರಿಗಿ ನಿನ್ನ ಬೆರಳೇ ಪರದೆ, ಮ್ಯಾಲಿಂದ ನೋಡಿದ್ರ ಪರದೆ ಎಲ್ಲದ? ಆ ಜಾಗಕ್ಕ ಯಾವ ಪ್ರೇಕ್ಷಕನೂ ಕುಂಡ್ರಲ್ಲ. ಫೋನ್ ಕೆಳಗ ತಾ. ಟೇಬಲ್ ಎದುರಿಗಿ, ಕುರ್ಚಿ ಮ್ಯಾಲ ಕುಂತವನ ಕಣ್ಣಿನ ಎತ್ತರ, ಎರಡೂವರಿ ಮೂರು ಫೂಟ್ ದೂರ. ಎರಡೂ ಕೈ, ಲೋಟ, ನಿನ್ನ ಮುಖ ಎಲ್ಲಾ ಫ್ರೇಮ್‌ದಾಗ ಇರಲಿ.

ಸ್ಕ್ರಿಪ್ಟ್ ಹಿಂಗ ಬರಿ. ರೆಕಾರ್ಡ್ ಒತ್ತೋಕಿಂತ ಮೊದಲೇ ಎರಡ್ನೇ ನಾಣ್ಯ ಬಲಗೈಯಾಗ, ಕೊನಿ ಎರಡು ಬೆರಳಿನ ಬುಡದಾಗ ಅಡಗಿರಬೇಕು. ಲೋಟ ಎಡಗೈಲೆ ಎತ್ತಿ ಬಾಯಿ ಕ್ಯಾಮೆರಾಕ್ಕ ತೋರಸು. ಬಲಗೈಗೆ ದಾಟಸು, ಬಲಗೈ ಬೆರಳು ಲೋಟದ ಒಳಗ, ಹೆಬ್ಬೆರಳು ಹೊರಗ, ಆಗ ನಾಣ್ಯ ಒಳಗಿನ ಗೋಡಿಗಿ ಒತ್ತಿ ನಿಲ್ತದ. ಹಂಗೇ ಟಾವೆಲ್ ಮ್ಯಾಲ ಬೋರಲ ಹಾಕು. ಆಮ್ಯಾಲ ಎಡಗೈಲೆ ಅಂಗಿ ಜೇಬಿನಾಗಿಂದ ಮೊದಲ್ನೇ ನಾಣ್ಯ ತಗಿ, ಬೆರಳ ತುದಿಲೆ ತೋರಸು, ಬಲಗೈ ಅದನ್ನ ತಗೊಂಡಂಗ ಮಾಡಲಿ. ಬಲ ಮುಷ್ಟಿ ದೂರ ಹೋಗ್ತಿರ್ಬೇಕಾದ್ರ ನಿನ್ನ ಕಣ್ಣೂ ಅದರ ಹಿಂದೇ ಹೋಗಲಿ. ಊದು, ಮುಷ್ಟಿ ಬಿಚ್ಚು, ಖಾಲಿ. ಅದೇ ಕೈಲೆ ಲೋಟ ಎತ್ತು. ಇಷ್ಟೂ ಒಂದೇ ಶಾಟ್, ಮೂವತ್ತು ಸೆಕೆಂಡಿನೊಳಗ ಮುಗೀತದ. ಕಟ್ ಬೇಕಾಗೇ ಇಲ್ಲ ನೋಡು.

ಮ್ಯಾಲಿನ ಫೋನ್ ಎರಡ್ನೇ ಭಾಗಕ್ಕ ಇಟ್ಟುಕೋ. ಗುಟ್ಟು ಹೇಳಬೇಕಾದ್ರ ಅದೇ ಆ್ಯಂಗಲ್ ಬೇಕು, ಹುಡುಗರಿಗಿ ತಮ್ಮ ಕೈ ತಾವೇ ನೋಡಿದಂಗ ಕಾಣ್ತದ. ಅಲ್ಲಿ ಎಷ್ಟು ಕಟ್ ಬೇಕಾದ್ರೂ ಹಾಕು, ಆದ್ರ ಬೆರಳು ನಾಣ್ಯ ಬಿಡೋ ಆ ಗಳಿಗಿ ಮಾತ್ರ ಕತ್ತರಸಬ್ಯಾಡ. ಭಾಳ ಮಂದಿ "ಹಿಂಗ ಹಿಡೀರಿ" ಅಂತ ಹೇಳಿ ಸೀದಾ "ಹಿಂಗ ಬಿದ್ದಿರ್ತದ"ಕ್ಕ ಹಾರಿಬಿಡ್ತಾರ, ಹುಡುಗರು ಕಲೀಬೇಕಾದ್ದು ನಡುವಿಂದು.

ಕೈಚಳಕ_ಕಲಬುರಗಿ
ಅಕ್ಕಾ ಅದು ಸರಿ, ಆದ್ರ ಮೂವತ್ತು ಸೆಕೆಂಡ್ ಒಂದೇ ಶಾಟ್ ಅಂದ್ರ ಫೋನ್‌ದಾಗ ನಾಣ್ಯ ಸಣ್ಣದಾಗಿ ಕಾಣ್ತದ, ಮಂದಿ ಸ್ಕ್ರೋಲ್ ಮಾಡಿ ಹೋಗ್ತಾರ. ಹತ್ರದಿಂದ ತೋರಸ್ಲಿಕ್ಕ ಒಂದು ಕಟ್ ಆದ್ರೂ ಬೇಕು.

ಬೀದರ್_ಲೈಟ್‌ಬಾಕ್ಸ್
ಇದಕ್ಕ ನನ್ನ ಹತ್ರ ಉಪಾಯ ಅದ. 4ಕೆ ದಾಗ ಶೂಟ್ ಮಾಡು, ಎಡಿಟ್ 1080 ದಾಗ ಮಾಡು. ಅದೇ ಶಾಟ್ ಎರಡು ಪಟ್ಟು ದೊಡ್ಡದು ಮಾಡಿದ್ರೂ ಚಿತ್ರ ಒಡಿಯಂಗಿಲ್ಲ. ಒಂದೇ ಶಾಟ್, ನೋಡೋರಿಗಿ ಮಾತ್ರ ಎರಡು ಕ್ಯಾಮೆರಾ ಇದ್ದಂಗ ಕಾಣ್ತದ.

ಆಳಂದ_ಅಕ್ಕ
ಇದು ಚಲೋ ಹೇಳಿದ್ರಿ. ಲೋಟ ಎತ್ತೋ ಹೊತ್ತಿಗಿ ಹತ್ರ ಹೋಗು. ಆವಾಜ್ ಮಾತ್ರ ಎಲ್ಲೂ ಮುರೀಬಾರ್ದು. ನಿನ್ನ ಹಳೇ ವಿಡಿಯೋದಾಗ 14ನೇ ಸೆಕೆಂಡಿಗೆ ರಸ್ತಾದ ಆಟೋ ಹಾರ್ನ್ ಅರ್ಧಕ್ಕ ನಿಂತದ, ಫ್ಯಾನ್ ಸದ್ದೂ ಬದಲಾಗೇದ. ಕಣ್ಣಿಗಿ ಕಾಣದಿದ್ರೂ ಕಿವಿ ಹಿಡೀತದ.

ಬೀದರ್_ಲೈಟ್‌ಬಾಕ್ಸ್
ಅಲ್ಲ ಅಕ್ಕಾ, ಲೋಟ ಎತ್ತುವಾಗ ಯಾಕ? ಬಲ ಮುಷ್ಟಿ ಬಿಚ್ಚೋ ಹೊತ್ತಿಗೇ ಜೂಮ್ ಹೋದ್ರ ಎಡಗೈ ಫ್ರೇಮ್ ಹೊರಗ ಉಳೀತದ. ಅಷ್ಟರಾಗ ಎಡಗೈಯಾಗಿನ ನಾಣ್ಯ ತೊಡಿ ಮ್ಯಾಲ ಬಿಟ್ಟರಾಯ್ತು. ಎದುರು ಕುಂತವನೂ ಮುಷ್ಟಿನೇ ನೋಡ್ತಿರ್ತಾನ, ಮೋಸ ಹೆಂಗಾಗ್ತದ?

ಆಳಂದ_ಅಕ್ಕ
ಅಂವ ಮುಷ್ಟಿ ನೋಡ್ತಿರ್ತಾನ, ಬೇಕಂದ್ರ ಎಡಗೈನೂ ನೋಡಬಹುದು. ನಿನ್ನ ಫ್ರೇಮ್ ಆ ಅವಕಾಶ ಕಸಗೊಳ್ತದ. ಕೈ ಫ್ರೇಮ್ ಹೊರಗ ಹೋತಂದ್ರ ನಾನೇ ನಂಬಲ್ಲ.

ಬೀದರ್_ಲೈಟ್‌ಬಾಕ್ಸ್
ಹಂಗಂದ್ರ ಟೀವಿದಾಗ ತೋರಸೋ ಜಾದೂ ಎಲ್ಲಾ ಮೋಸನಾ? ಅಲ್ಲೂ ಕ್ಲೋಸಪ್ ಹಾಕ್ತಾರಲ್ಲ.

ಆಳಂದ_ಅಕ್ಕ
ಹಾಕ್ತಾರ. ಅದಕ್ಕೇ ಸ್ಟುಡಿಯೋದಾಗ ಮಂದಿನ್ನ ಕೂಡಸಿ ಅವರನ್ನೂ ತೋರಸ್ತಾರ. ನನ್ನ ಅಳತಿ ಒಂದೇ. ಜೂಮ್ ಇಲ್ಲದ ಪೂರ್ತಿ ಶಾಟ್ ಗುಟ್ಟು ಗೊತ್ತಿಲ್ಲದ ಒಬ್ಬರಿಗಿ ತೋರಸು. ಅವರಿಗೂ ಗುಟ್ಟು ಸಿಗಲಿಲ್ಲ ಅಂದ್ರ ಆಮ್ಯಾಲ ಎಲ್ಲಿ ಬೇಕಾದ್ರೂ ಜೂಮ್ ಮಾಡು, ಆ ಪೂರ್ತಿ ಶಾಟ್ ವಿಡಿಯೋ ಕಡೀಗೂ ಹಾಕು. ಪೂರ್ತಿ ಶಾಟ್‌ದಾಗ ಸಿಕ್ಕಿಬಿದ್ದು, ಜೂಮ್ ಮಾಡಿದ್ದರಾಗ ಅಷ್ಟೇ ಪಾರಾದ್ರ ಜಾದೂ ಮಾಡಿದ್ದು ಎಡಿಟಿಂಗೇ.

ಬೀದರ್_ಲೈಟ್‌ಬಾಕ್ಸ್
ಪೂರ್ತಿ ಶಾಟ್ ಹಾಕೋ ಮಾತು ಒಪ್ತೀನಿ. ಎಡಗೈ ವಿಚಾರ ಒಪ್ಪಲ್ಲ.

ಕೈಚಳಕ_ಕಲಬುರಗಿ
ಫೋನ್ ಕೆಳಗ ತಂದು ಮಾಡಿದೆ ಅಕ್ಕಾ. ಫ್ರೆಂಚ್ ಡ್ರಾಪ್ ಕಾಣವಲ್ದು, ಮನ್ಯಾಗ ತಂಗಿಗಿ ಪೂರ್ತಿ ಶಾಟ್ ತೋರಸಿದೆ, ಆಕಿಗಿ ನಾಣ್ಯ ಲೋಟದ ಕೆಳಗ ಹೆಂಗ ಬಂತಂತ ಗೊತ್ತಾಗಲಿಲ್ಲ. ಆದ್ರ ಹೊಸಾ ತ್ರಾಸು ಶುರು ಆಗೇದ, ಲೋಟ ಬೋರಲ ಹಾಕುವಾಗ "ಟಿಣ್" ಅಂತದ. ಟಾವೆಲ್ ದಪ್ಪಂದು ಹಾಕಿದ್ರೂ ಅಂತದ. ಅದೊಂದು ಸದ್ದು ಎಡಿಟ್‌ದಾಗ ತಗದ್ರ ನಡೀತದಾ?

ಬೀದರ್_ಲೈಟ್‌ಬಾಕ್ಸ್
ನಾಯ್ಸ್ ರಿಡಕ್ಷನ್ ಹಾಕು, ಹೋಗ್ತದ.

ಆಳಂದ_ಅಕ್ಕ
ತಗೀಬ್ಯಾಡ. ಎದುರು ಕುಂತವಗ ಅದು ಕೇಳಸ್ತದ, ಹುಡುಗರು ಮನ್ಯಾಗ ಮಾಡಿದ್ರ ಅಲ್ಲೂ ಕೇಳಸ್ತದ. ನಾಣ್ಯ ಟಾವೆಲ್‌ಗಿ ಬಿದ್ದು ಸದ್ದು ಬರ್ತಿಲ್ಲ, ಲೋಟದ ಗೋಡಿಗಿ ತಾಗಿ ಬರ್ಲತದ. ನೀ ಲೋಟ ಗಾಳ್ಯಾಗ ಇದ್ದಾಗೇ ನಾಣ್ಯ ಬಿಡ್ಲತ್ತಿ. ಲೋಟದ ಅಂಚು ಟಾವೆಲ್‌ಗಿ ಮುಟ್ಟೋ ತನಕ ಬೆರಳಿಲೆ ಗೋಡಿಗಿ ಒತ್ತಿ ಹಿಡಿ, ಮುಟ್ಟಿದ ಮ್ಯಾಲ ಬೆರಳು ಹೊರಗ ಜಾರಿಸು, ನಾಣ್ಯ ಅಲ್ಲೇ ಮಲಗ್ತದ. ಅವಸರ ಮಾಡಬ್ಯಾಡ. ಇದನ್ನ ಎರಡ್ನೇ ಭಾಗದಾಗ ಹುಡುಗರಿಗೂ ಹೇಳು, ಅವರಿಗೂ ಟಿಣ್ ಅಂತದ.

ಸೇಡಂ_ಇಸ್ಪೀಟ್
ಇದು ಅಡ್ಡ ವಿಡಿಯೋಕ್ಕ ಆಯ್ತು. ನಾನು ಉದ್ದ ರೀಲ್ಸ್ ಮಾಡ್ತೀನಿ, 9:16. ಎದುರಿಂದ ಮೂರು ಫೂಟ್ ದೂರ ಇಟ್ಟರ ಬಲ ಮುಷ್ಟಿ ದೂರ ಹೋದಾಗ ಫ್ರೇಮ್ ಹೊರಗೇ ಹೋಗ್ತದ, ಹಿಂದ ಸರಿದ್ರ ಇಸ್ಪೀಟಿನ ನಂಬರ್ ಕಾಣಂಗಿಲ್ಲ. ಎರಡೂ ಕೈ ಫ್ರೇಮ್‌ದಾಗ ಇರಬೇಕು ಅಂದ್ರ ಇದಕ್ಕ ಏನು ಮಾಡೋದ್ರಿ?

ಮದಿವಿ_ಎಡಿಟರ್_ಯಾದಗಿರಿ
ಮುಷ್ಟಿ ಬಾಜೂಕ ಒಯ್ಯೋ ಬದಲಿ ಮ್ಯಾಲಕ್ಕ, ಮುಖದ ಕಡಿ ಎತ್ತಿದ್ರ ಉದ್ದ ಫ್ರೇಮ್‌ದಾಗ ಕೂಡಬಹುದು ಅನಸ್ತದ. ನಾ ಮಾಡಿ ನೋಡಿಲ್ಲ.

ಸೇಡಂ_ಇಸ್ಪೀಟ್
ನಾಣ್ಯಕ್ಕ ಆಗ್ತದ, ಇಸ್ಪೀಟಿಗಿ ಆಗಲ್ಲ, ಕಟ್ಟು ಎಡಗೈಯಾಗ ಟೇಬಲ್ ಹತ್ರಾನೇ ಇರಬೇಕು. ಅಕ್ಕಾ ನೀವೇನಂತೀರಿ?