ಹಾಲು ನೀಲಿ, ತುಪ್ಪ ಹಸಿರು: ಚಿತ್ರದ ಬಣ್ಣ ಉಳಿಸಿಕೊಂಡವರು ತಿಳಿಸಿ

ಕೇಳಿದವರು: ನಮ್ಮ ಡೈರಿಯ ಪೊಟ್ಟಣಗಳಿಗೆ ಚಿಮ್ಮುವ ಹಾಲು, ಹರಳು ತುಪ್ಪ, ಕುಡಿಕೆಯ ಮೊಸರಿನ ಚಿತ್ರಗಳು ಬೇಕು. ಪರೀಕ್ಷೆಗೆ ತೆಗೆದವುಗಳಲ್ಲಿ ಹಾಲು ನೀಲಿ, ತುಪ್ಪ ಹಸಿರು. ಏನು ಮಾಡಿದಿರಿ?

ತುಪ್ಪದ ಘಟಕದವರು: ಪರದೆಯ ಮೇಲೆ ನಮ್ಮ ತುಪ್ಪ ಹೊನ್ನಿನ ಬಣ್ಣದಲ್ಲಿತ್ತು, ಲೇಬಲ್‌ನಲ್ಲಿ ಪಾಚಿಯಾಗಿ ಬಂತು. ಹರಳುಗಳ ನಡುವಿನ ನೆರಳಿಗೆ ಮುದ್ರಣಾಲಯ ಕಪ್ಪು ಶಾಯಿ ಬಳಸಿತ್ತು. ಹಳದಿಗೆ ಕಪ್ಪು ಸೇರಿದರೆ ಹಸಿರೇ ಕಾಣುವುದು. ಲೇಬಲ್ ಸುರುಳಿಗಳೆಲ್ಲ ರದ್ದಿಗೆ ಹೋದವು. ಹೊಸ ಅಚ್ಚುಫಲಕ, ಮರುಮುದ್ರಣ, ಗೋದಾಮಿನಲ್ಲಿ ಲೇಬಲ್ ಇಲ್ಲದೆ ಕುಳಿತ ಜಾಡಿಗಳು, ಎಲ್ಲದರ ಖರ್ಚೂ ನನ್ನದೇ. ಮರುಮುದ್ರಣದಲ್ಲಿ ಆ ನೆರಳಿನಿಂದ ಕಪ್ಪನ್ನೂ ಸಯಾನ್ ಅನ್ನೂ ತೆಗೆಸಿ, ಹಳದಿ ಮತ್ತು ಮೆಜೆಂಟಾದಿಂದಲೇ ಕಟ್ಟಿಸಿದೆ. ಈಗ ನೆರಳು ಜೇನಿನ ಬಣ್ಣಕ್ಕಿದೆ.

ಮುದ್ರಣದವನು: ಮಾದರಿ ಪ್ರತಿಗೆ ಸಹಿ ಹಾಕಿದವರು ಯಾರು ಎಂಬುದನ್ನೂ ಹೇಳಿ. ಹಳದಿ ದೀಪದಡಿ ನೋಡಿ ಒಪ್ಪುತ್ತೀರಿ, ಆಮೇಲೆ ಹಗಲಿನಲ್ಲಿ ನೋಡಿ ಬೈಯುತ್ತೀರಿ. ಪಾರದರ್ಶಕ ಹಾಳೆಯ ಹಾಲಿನ ಪೊಟ್ಟಣವಾದರೆ ಚಿತ್ರದ ಹಿಂದೆ ಬಿಳಿ ಶಾಯಿಯ ಪದರ ಬೇಕೇ ಬೇಕು. ಉಳಿತಾಯವೆಂದು ಅದನ್ನು ಬಿಡಿಸುವವರೂ ನೀವೇ.

ತುಪ್ಪದ ಘಟಕದವರು: ಕಪ್ಪು ಹಾಕಿದ್ದು ನನ್ನ ಸಹಿಯಲ್ಲ!

ಹಾಲು ಮಾರುವವರು: ಹಾಲು ನೀಲಿಯಾಗಿದೆ ಎಂದರೆ ನೀರು ಬೆರೆಸಿದ್ದಾರೆ. ಮೊದಲು ಅದನ್ನು ನೋಡಿಕೊಳ್ಳಿ.

ಸ್ಟುಡಿಯೋದವರು: ನೀರೇ ಆಗಬೇಕಿಲ್ಲ, ಕೆನೆ ತೆಗೆದ ಹಾಲೂ ನೀಲಿ ಛಾಯೆಗೆ ತಿರುಗುತ್ತದೆ. ನಾನು ಗಟ್ಟಿ ಹಾಲಿಗೆ ಸ್ವಲ್ಪ ಕೆನೆ ಬೆರೆಸುತ್ತೇನೆ; ಚಿಮ್ಮುವ ಹಾಲಿನ ನಾಲಗೆಗಳು ದಪ್ಪಗೆ ಏಳುತ್ತವೆ, ಬಿಳುಪೂ ಬೆಚ್ಚಗಿರುತ್ತದೆ. ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಒಟ್ಟಿಗೆ ಬಿದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಕಿತ್ತಳೆ. ಕ್ಯಾಮೆರಾದ ಯಾವ ಹೊಂದಾಣಿಕೆಯೂ ಎರಡನ್ನೂ ಸರಿಪಡಿಸದು. ಕಿಟಕಿ ಮುಚ್ಚಿ, ಬೂದು ಕಾರ್ಡಿಗೆ ಬಿಳಿಯನ್ನು ಹೊಂದಿಸಿಕೊಳ್ಳಿ. ಇನ್ನು ಹನಿಗಳನ್ನು ಹಿಡಿದು ನಿಲ್ಲಿಸುವುದು ಷಟರ್ ಅಲ್ಲ, ಫ್ಲ್ಯಾಶ್ ಎಷ್ಟು ಕ್ಷಣಿಕ ಎಂಬುದು. ಚಿಕ್ಕ ಫ್ಲ್ಯಾಶನ್ನು 1/16 ಅಥವಾ 1/32 ಶಕ್ತಿಗೆ ಇಳಿಸಿ, ಬೆಳಕು ಸಾಲದಿದ್ದರೆ ಇನ್ನೊಂದನ್ನು ಸೇರಿಸಿ. ಪೂರ್ಣ ಶಕ್ತಿಯಲ್ಲಿ ಹನಿಗಳ ಅಂಚು ಬೂದಿಯಂತೆ ಕದಡುತ್ತದೆ.

ಜಾಹೀರಾತಿನವನು: ಇಷ್ಟೆಲ್ಲ ಏಕೆ? ಬಿಳಿ ಬಣ್ಣವನ್ನು ನೀರಿನಲ್ಲಿ ಕಲಸಿ ಎರಚಿ. ಹುಳಿಯುವುದಿಲ್ಲ, ನಾರುವುದಿಲ್ಲ.

ಸ್ಟುಡಿಯೋದವರು: ಹಾಲು ಮಾರುವವರಿಗೆ ಬಣ್ಣದ ನೀರಿನ ಚಿತ್ರ ಕೊಡುತ್ತೀರಾ? ಹಾಲಿನ ಅಂಚು ತೆಳುವಾದಲ್ಲಿ ಬೆಳಕು ಒಳಗೆ ಇಳಿಯುತ್ತದೆ. ನಿಮ್ಮ ಬಣ್ಣ ಸುಣ್ಣದ ಗೋಡೆಯಂತೆ ಕಾಣುತ್ತದೆ.

ಮೊಸರಿನವಳು: ನನ್ನ ಪಾಡು ಕುಡಿಕೆಯದು. ಮೊಸರನ್ನು ಕುಡಿಕೆಯಲ್ಲೇ ಹೆಪ್ಪುಗಟ್ಟಿಸಿ. ಬೇರೆ ಪಾತ್ರೆಯಿಂದ ತೋಡಿ ಹಾಕಿದರೆ ಒಡೆದು ತಿಳಿ ಬಿಡುತ್ತದೆ. ಆ ತಿಳಿ ಹಸಿರು ಮಿಶ್ರಿತ ಹಳದಿ, ಚಿತ್ರದಲ್ಲಿ ಕೆಟ್ಟ ಮೊಸರಿನಂತೆ ಕಾಣುತ್ತದೆ. ಬೆಳಕೆಲ್ಲ ಸಿದ್ಧವಾದ ಮೇಲೆಯೇ ಚಮಚ ಇಳಿಸುತ್ತೇನೆ, ತಿಳಿ ಕೂಡಿದರೆ ಕಾಗದದ ತುದಿಯಿಂದ ಹೀರಿಸುತ್ತೇನೆ. ಅಂಚಿನಲ್ಲಿ ಮಣ್ಣಿನ ಕೆಂಪು ಮೊಸರಿಗೆ ಹತ್ತುತ್ತದೆ. ಚೌಕಟ್ಟಿನಾಚೆಯಿಂದ ಬಿಳಿ ರಟ್ಟು ಹಿಡಿದರೆ ತಗ್ಗುತ್ತದೆ.

ಜಾಹೀರಾತಿನವನು: ಆ ಕೆಂಪು ಇದ್ದರೇ ಹಳ್ಳಿಯ ಸೊಗಡು.

ಮೊಸರಿನವಳು: ಅದು ಕುಡಿಕೆಯ ಮೇಲಿರಲಿ, ಮೊಸರಿನ ಮೇಲೆ ಬೇಡ.

ಮುದ್ರಣದವನು: ಮೊಸರಿನ ಕೆಂಪಿಗೂ ನಾಳೆ ನಮ್ಮನ್ನೇ ದೂರುತ್ತೀರಿ. ತುಪ್ಪದವರೇ, ಆ ಮಾದರಿ ಪ್ರತಿಯನ್ನು ಯಾವ ಬೆಳಕಿನಲ್ಲಿ ನೋಡಿದಿರಿ? ಇನ್ನೂ ಹೇಳಲಿಲ್ಲ.