ಎರಡನೇ ಅಧ್ಯಾಯದಿಂದ ಮೂರನೆಯದಕ್ಕೆ ಹೇಗೆ ದಾಟುವುದು?

ಕೇಳಿದವರು: ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ಆದಿಲಶಾಹಿ ಕಾಲದ ವಿಜಯಪುರದ ನೀರಿನ ವ್ಯವಸ್ಥೆ ಮೇಲೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೇನೆ. ಎರಡನೇ ಅಧ್ಯಾಯ ಊರ ಹೊರಗಿನ ತೊರವಿಯಿಂದ ಮತ್ತು ಬೇಗಂ ತಲಾಬ್ ಕೆರೆಯಿಂದ ಬರುತ್ತಿದ್ದ ನೀರು. ಮೂರನೆಯದು ಊರೊಳಗಿನ ಬಾವಡಿಗಳು, ಅಂದರೆ ಮೆಟ್ಟಿಲಿರುವ ದೊಡ್ಡ ಬಾವಿಗಳು. ನಾಲ್ಕನೆಯದು 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ನಂತರದ ಸ್ಥಿತಿ. "ಒಂದೊಂದೂ ಚೆನ್ನಾಗಿದೆ, ಆದರೆ ಒಂದಕ್ಕೊಂದು ಕೂಡಿಲ್ಲ" ಅಂತ ಗೈಡ್ ಹೇಳಿದರು. ಏನು ಮಾಡಲಿ?

ಶಿಕ್ಷಕ, ಅಥಣಿ

ಪ್ಯಾರಾ ಶುರುವಿನಲ್ಲಿ 'ಹೀಗಾಗಿ', 'ಇದಲ್ಲದೆ', 'ಮತ್ತೊಂದೆಡೆ' ಇಂಥ ಪದ ಹಾಕಿ ನೋಡಿ. ನನ್ನ ಎಂ.ಎಡ್. ಪ್ರಬಂಧದಲ್ಲಿ ಹಾಗೇ ಮಾಡಿದೆ. ಓದು ಸರಾಗವಾಯಿತು.

ನಿವೃತ್ತ ಇತಿಹಾಸ ಪ್ರಾಧ್ಯಾಪಕಿ, ಬೆಳಗಾವಿ

ಸರ್, ಒಂದೇ ಅಧ್ಯಾಯದೊಳಗೆ ಅದು ನಡೆಯುತ್ತದೆ. ಇಲ್ಲಿ ಅಪಾಯ ಇದೆ. ಬೇಗಂ ತಲಾಬ್ 1651ರದ್ದು. ತಾಜ್ ಬಾವಡಿ ಕಟ್ಟಿದ್ದು 1620ರ ಸುಮಾರಿಗೆ. ಎರಡನೇ ಅಧ್ಯಾಯ ಬೇಗಂ ತಲಾಬ್‌ಗೆ ಮುಗಿದು, ಮೂರನೆಯದು 'ಹೀಗಾಗಿ' ಎಂದು ತಾಜ್ ಬಾವಡಿಯಿಂದ ಶುರುವಾದರೆ, ಮೂವತ್ತು ವರ್ಷ ಮೊದಲಿನ ಕೆಲಸಕ್ಕೆ ಆಮೇಲಿನದು ಕಾರಣ ಆಗಿಬಿಡುತ್ತದೆ! ಸಂಬಂಧ ಇದ್ದರೆ ಪದ ಅದನ್ನು ತೋರಿಸುತ್ತದೆ. ಇಲ್ಲದ ಸಂಬಂಧವನ್ನು ಪದ ತರುವುದಿಲ್ಲ.

ತಂಗಿ, ನಿಮ್ಮ ಗೈಡ್ ಎಡವಿದ್ದು ಇಲ್ಲೇ ಇರಬೇಕು ಅನಿಸುತ್ತದೆ. ಓದುಗರು 1651ರಲ್ಲಿ ನಿಂತಿರುತ್ತಾರೆ, ನೀವು ಹೇಳದೆ ಕೇಳದೆ 1620ಕ್ಕೆ ಕರೆದೊಯ್ಯುತ್ತೀರಿ. ಅಧ್ಯಾಯದ ಕೊನೆಗೆ ಏನು ಬರೆದಿದ್ದೀರಿ, ನೋಡಿ. "ಮುಂದಿನ ಅಧ್ಯಾಯದಲ್ಲಿ ಬಾವಡಿಗಳ ಬಗ್ಗೆ ನೋಡೋಣ" ಅಂತಿದ್ದರೆ ಅದು ಪರಿವಿಡಿಯಲ್ಲೇ ಇರುವ ಮಾತು. ಬಾವಡಿ ಈಗಲೇ ಯಾಕೆ ಬರಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಅಧ್ಯಾಯ ಏನನ್ನು ಸಾಧಿಸುತ್ತದೆ ಎಂದು ಒಂದೇ ವಾಕ್ಯ ಬರೆಯಿರಿ. 'ಬೇಗಂ ತಲಾಬ್' ಅಂತ ವಿಷಯದ ಹೆಸರು ಬರೆದರೆ ಸಾಲದು. "ಹೊರಗಿಂದ ಬರುವ ನೀರು ಕೊಳವೆಗಳನ್ನು, ಗಂಜ್ ಎಂಬ ನೀರಿನ ಗೋಪುರಗಳನ್ನು ನೋಡಿಕೊಳ್ಳುವವರ ಮೇಲೆ ನಿಂತಿತ್ತು" ಅನ್ನುವಂಥ ವಾಕ್ಯ ಬೇಕು. ಎರಡು ವಾಕ್ಯಗಳ ನಡುವೆ 'ಆದರೆ' ಅಥವಾ 'ಆದ್ದರಿಂದ' ಕೂರುತ್ತದಾ ನೋಡಿ. ಬರೀ 'ಮತ್ತು' ಕೂತರೆ ನೀವು ಪಟ್ಟಿ ಮಾಡುತ್ತಿದ್ದೀರಿ, ವಾದ ಮುಂದೆ ಹೋಗುತ್ತಿಲ್ಲ.

ನಿಮ್ಮ ಸಾಕ್ಷ್ಯ ಒಪ್ಪುವುದಾದರೆ, ಮೂರನೇ ಅಧ್ಯಾಯ ಹೀಗೆ ಶುರುವಾಗಬಹುದು:

"ಹೊರಗಿನ ನೀರಿಗೆ ಉಸ್ತುವಾರಿ ಬೇಕಿತ್ತು. ಈ ಅವಲಂಬನೆ ಬಾವಡಿಗಳಿಗೂ ಇತ್ತೆ? ಉತ್ತರ ಹುಡುಕಲು 1620ಕ್ಕೆ ಹಿಂದಿರುಗಬೇಕು. ಈ ಪ್ರಬಂಧ ಕಾಲಕ್ರಮವನ್ನು ಹಿಡಿದಿಲ್ಲ, ನೀರು ಬಂದ ದಾರಿಯನ್ನು ಹಿಡಿದಿದೆ."

'ಈ ಅವಲಂಬನೆ' ಎಂಬಲ್ಲಿ ಗಮನ ಕೊಡಿ. ಸುಮ್ನೆ 'ಇದು' ಅಂದಿದ್ದರೆ ಅದು ಕೆರೆಯೋ, ಕೊಳವೆಯೋ, ಉಸ್ತುವಾರಿಯೋ ತಿಳಿಯುತ್ತಿರಲಿಲ್ಲ. ಹಿಂದಿನ ಇಡೀ ಅಧ್ಯಾಯವನ್ನು ಒಂದು ಹೆಸರಿನಲ್ಲಿ ಹಿಡಿದರೆ ಅದನ್ನು ಮುಂದಕ್ಕೆ ಒಯ್ಯಬಹುದು. ಆ ಹೆಸರನ್ನು ಕೊನೆಯವರೆಗೂ ಬದಲಿಸಬೇಡಿ. ಒಮ್ಮೆ 'ಅವಲಂಬನೆ', ಇನ್ನೊಮ್ಮೆ 'ಆಶ್ರಯ' ಅಂದರೆ ಬೇರೆ ಏನೋ ಹೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಡಿಟಿಪಿ ಕೆಲಸದವರು, ಜಮಖಂಡಿ

ಅಧ್ಯಾಯಗಳು ಕೂಡಿಲ್ಲ ಅಂದರೆ ಬೇರೆ ಬೇರೆ ಫೈಲ್‌ಗಳಲ್ಲಿವೆ ಅಲ್ವಾ? ವರ್ಡ್‌ನಲ್ಲಿ ಒಂದೇ ಫೈಲ್ ಮಾಡಿ, ಶೀರ್ಷಿಕೆಗಳಿಗೆ `Heading 1`, `Heading 2` ಕೊಡಿ. ಪುಟಸಂಖ್ಯೆಯೂ ಸರಿಹೋಗುತ್ತದೆ.

ಎಂ.ಎ. ಮುಗಿಸಿದವಳು, ಇಳಕಲ್

ಕೇಳಿದ್ದು ಅದಲ್ಲ ಅಣ್ಣಾ, ಆದರೂ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ. ಹಾಗೆ ಮಾಡಿದರೆ `Navigation Pane`ನಲ್ಲಿ ಶೀರ್ಷಿಕೆಗಳನ್ನಷ್ಟೇ ಸಾಲಾಗಿ ಓದಬಹುದು.

ನನ್ನದು ನೇಕಾರರ ಮೇಲಿನ ಪ್ರಬಂಧ. ನಾನು ಜಾಸ್ತಿ ಮಾಡಿ ಕೆಡಿಸಿದ್ದೆ. ಪ್ರತಿ ಉಪವಿಭಾಗದ ಕೊನೆಗೆ "ಇಲ್ಲಿಯವರೆಗೆ ನೋಡಿದ್ದು", ಮುಂದಿನದರ ಶುರುವಿಗೆ "ಈಗ ನೋಡುವುದು". ಗೈಡ್ ಹೆಚ್ಚುಕಡಿಮೆ ಎಲ್ಲವನ್ನೂ ಹೊಡೆದುಹಾಕಿದರು. ವಾದ ತಿರುಗುವ ಕಡೆ ಮಾತ್ರ ಉಳಿಸಿದರು, ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕುವಂತೆ. ಆ ಕೊಂಡಿ ಬೀಳುವುದು ಒಡಲು ಮುಗಿದು ಸೆರಗು ಶುರುವಾಗುವ ಕಡೆ ಮಾತ್ರ.

ಒಂದು ಪ್ರಶ್ನೆ ಮೇಡಂ. ಈ ಕೊಂಡಿ ಹಿಂದಿನ ಅಧ್ಯಾಯದ ಕೊನೆಗೆ ಇರಬೇಕೋ, ಮುಂದಿನದರ ಮೊದಲಿಗೋ? ನಮ್ಮ ಗೈಡ್ ಕೊನೆಗೆ ಬೇಕು ಅನ್ನುತ್ತಿದ್ದರು.

ಪ್ರಾಧ್ಯಾಪಕಿ, ಬೆಳಗಾವಿ

ನಾನು ಮೊದಲಿಗೆ ಇಡಿಸುತ್ತಿದ್ದೆ. ಎಷ್ಟೋ ಪರೀಕ್ಷಕರು ಅಧ್ಯಾಯಗಳನ್ನು ಬೇರೆ ಬೇರೆ ದಿನ ಓದುತ್ತಾರೆ, ಹಿಂದಿನ ಕೊನೆ ಮರೆತಿರುತ್ತದೆ. ಆದರೆ ನಿಮ್ಮ ಗೈಡ್ ಹೇಳಿದ್ದು ತಪ್ಪು ಅನ್ನಲಾರೆ.

ಕೇಳಿದವರು

ಅಕ್ಕಾ, ಹಾಳೆಯ ಮೇಲೆ ಬರೆದೆ. ಎರಡಕ್ಕೂ ಮೂರಕ್ಕೂ ನಡುವೆ 'ಆದರೆ' ಕೂತಿತು. ನಾಲ್ಕನೆಯದಕ್ಕೆ ವಾಕ್ಯವೇ ಹುಟ್ಟಲಿಲ್ಲ. 1686ರ ನಂತರ ಯಾವ ಬಾವಡಿ ಏನಾಯಿತು ಅಂತ ಸಾಲಾಗಿ ಬರೆದಿದ್ದೇನೆ, ಅಷ್ಟೇ. ಅದನ್ನು ಒಡೆದು ಎರಡು, ಮೂರರೊಳಗೆ ಹಂಚಬೇಕೇನೋ. ಸೋಮವಾರ ಈ ಹಾಳೆಯನ್ನೇ ಗೈಡ್‌ಗೆ ತೋರಿಸುತ್ತೇನೆ.